ಎರಡು ಕಾಟು, ಎರಡು ಮ್ಯಾಟ್ರೆಸ್ಸು

ಶಹಾಪುರದಿಂದ ಮೊಮ್ಮಗಳು ಫೋನ್ ಮಾಡಿದ್ದಳು. “ಅಜ್ಜಾ, ಅಕಾಮೊಡೇಟ್‌ದಾಗ ಸಿ ಎಷ್ಟು, ಎಂ ಎಷ್ಟು?”

ಎರಡೂ ಎರಡೆರಡು ಎಂದೆ. ಎ, ಸಿ, ಸಿ, ಓ, ಎಂ, ಎಂ, ಓ, ಡಿ, ಎ, ಟಿ, ಇ. ಒಟ್ಟು 11 ಅಕ್ಷರ.

“ಕೇಳಿಸೋದೇ ಇಲ್ಲಲ್ಲಾ?” ಎಂದಳು. ಮಾತು ಸರಿ. ಕನ್ನಡದಲ್ಲಿ ‘ಕತೆ’ಗೊಂದು ಒತ್ತು ಕೊಟ್ಟರೆ ‘ಕತ್ತೆ’ ಆಗುತ್ತದೆ, ಅದು ಕಿವಿಗೂ ಗೊತ್ತಾಗುತ್ತದೆ. ಇಂಗ್ಲಿಷಿನ ಈ ಪದದಲ್ಲಿ ಒಂದು ಎಂ ಬಿಟ್ಟರೂ ಉಚ್ಚಾರ ಬದಲಾಗದು. ಅದಕ್ಕೇ ಬಸ್‌ಸ್ಟ್ಯಾಂಡಿನ ಸುತ್ತಲಿನ ಲಾಡ್ಜ್ ಬೋರ್ಡುಗಳಲ್ಲಿ ಎಂ ಒಂಟಿಯಾಗಿ ನಿಂತಿರುತ್ತದೆ. ಸಿ ಎರಡು ಬರೆದವರೂ ಎಂ ಹತ್ತಿರ ಬಂದಾಗ ಕೈ ಬಿಗಿ ಹಿಡಿಯುತ್ತಾರೆ.

ಅವಳಿಗೆ ಹೇಳಿಕೊಟ್ಟ ಉಪಾಯ ಇದು. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಅಜ್ಜ-ಅಜ್ಜಿ ಇಬ್ಬರೂ ಲಾಡ್ಜಿಗೆ ಹೋದರು ಅಂದುಕೊಳ್ಳಿ. ರೂಮಿನಲ್ಲಿ ಮೊದಲು ಎರಡು ಕಾಟು ಬೇಕು, ಅವೇ ಎರಡು ಸಿ. ಆಮೇಲೆ ಕಾಟಿನ ಮೇಲೆ ಎರಡು ಮ್ಯಾಟ್ರೆಸ್ಸು, ಅಂದರೆ ಗಾದಿ, ಅವೇ ಎರಡು ಎಂ. ಕಾಟು ಹಾಕದೆ ಗಾದಿ ಹಾಸಲಾಗದು, ಹಾಗಾಗಿ ಸಿ ಮೊದಲು, ಎಂ ಆಮೇಲೆ. ಪ್ರತಿ ಜೋಡಿಯ ಹಿಂದೆ ದುಂಡಗಿನ ಒಂದು ಓ ದಿಂಬಿನಂತೆ ಬರುತ್ತದೆ.

ಇದು ಬರೀ ಕಟ್ಟುಕತೆ. ನಿಜವಾದ ಕಾರಣ ಇನ್ನೂ ಸೊಗಸಾಗಿದೆ. ಪದ ಬಂದದ್ದು ಲ್ಯಾಟಿನ್ನಿನಿಂದ. ಅದರಲ್ಲಿ ಮೂರು ತುಂಡುಗಳಿವೆ: ‘ಅದ್’ ಅಂದರೆ ಕಡೆಗೆ, ‘ಕೊಮ್’ ಅಂದರೆ ಜೊತೆಗೆ, ‘ಮೋದುಸ್’ ಅಂದರೆ ಅಳತೆ. ಅಳತೆಗೆ ಹೊಂದಿಸುವುದು ಎಂಬುದು ಮೂಲ ಭಾವ. ‘ಅದ್’ನ ಡಿ ಮುಂದಿನ ಸಿಯನ್ನು ಕಂಡು ತಾನೂ ಸಿ ಆಯಿತು. ಹೈಸ್ಕೂಲಿನ ಮಕ್ಕಳಿಗೆ ಇದು ಹೊಸತಲ್ಲ. ಸತ್ + ಜನ ಸೇರಿ ಸಜ್ಜನ ಆಗುವಾಗ ತ್ ಹೋಗಿ ಜ್ ಆಗುತ್ತದಲ್ಲ, ಅದೇ ತರಹ. ಇನ್ನು ‘ಕೊಮ್’ನ ಕೊನೆಗೊಂದು ಎಂ, ‘ಮೋದುಸ್’ನ ಮೊದಲಿಗೊಂದು ಎಂ, ಎರಡೂ ಉಳಿದವು. ಸಮ್ + ಮತಿ ಸೇರಿ ಸಮ್ಮತಿ ಆದ ಹಾಗೆ.

ಮರುದಿನ ಮತ್ತೆ ಫೋನು. “ರೆಕಮೆಂಡ್‌ಗೂ ಎರಡು ಕಾಟೇನು?” ಇಲ್ಲ. ಲಾಡ್ಜಿನ ಕತೆ ಅಲ್ಲಿ ನಡೆಯದು, ತುಂಡು ಮಾಡುವ ದಾರಿ ನಡೆಯುತ್ತದೆ. ಅಲ್ಲಿ ಮುಂದಿರುವುದು ‘ರೆ’, ಅದು ಸ್ವರದಲ್ಲಿ ಮುಗಿಯುತ್ತದೆ. ಸಿ ಆಗಿ ಬದಲಾಗಲು ವ್ಯಂಜನವೇ ಇಲ್ಲ, ಆದ್ದರಿಂದ ಸಿ ಒಂದೇ. ‘ಕೊಮ್’ ಮುಂದೆ ಮತ್ತೆ ಎಂ ಬರುವುದರಿಂದ ಎಂ ಮಾತ್ರ ಎರಡು.

ಊರಿನ ಹೆಸರಿಗಾದರೆ ಇಷ್ಟು ಬಿಗಿ ಇಲ್ಲ. ನಮ್ಮ ಸುರಪುರವನ್ನು ಮೆಡೋಸ್ ಟೇಲರ್ ಸಾಹೇಬ ಇಂಗ್ಲಿಷಿನಲ್ಲಿ ಶೋರಾಪುರ ಎಂದೇ ಬರೆದ. ಈಗ ಬೇರೆ ತರಹ ಬರೆಯುತ್ತೇವೆ, ಯಾರೂ ಅಂಕ ಕಳೆಯುವುದಿಲ್ಲ. ಅಕಾಮೊಡೇಟ್‌ಗೆ ಮಾತ್ರ ಒಂದೇ ಕಾಗುಣಿತ. ಅದರಿಂದ ಬಂದ ಅಕಾಮೊಡೇಷನ್‌ನಲ್ಲೂ ಕಾಟು ಎರಡು, ಗಾದಿ ಎರಡು. ಮುಂದಿನ ಸಲ ಲಾಡ್ಜ್ ಬೋರ್ಡು ಕಂಡಾಗ ಗಾದಿ ಎಣಿಸಿ ನೋಡಿ.