ಮೂರನೇ ಚಾನೆಲ್ ಏಕೆ ಬೇಡ?

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ ಫೋನಿನ ವೈಫೈ ಪಟ್ಟಿ ತೆರೆದರೆ ಮೂವತ್ತು ನಲವತ್ತು ಹೆಸರುಗಳು ಕಾಣುವುದು ಮಾಮೂಲು. ರಾತ್ರಿ ಒಂಬತ್ತರ ಹೊತ್ತಿಗೆ ಎಲ್ಲ ಮನೆಗಳಲ್ಲೂ ಟಿವಿ, ಫೋನು ನಡೆಯುತ್ತಿರುವಾಗ ವಿಡಿಯೊ ನಿಂತು ನಿಂತು ಓಡುತ್ತದೆ. ಇಂಟರ್ನೆಟ್ ಕಂಪನಿಗೆ ದೂರು ಕೊಡುವ ಮುನ್ನ, ವೈಫೈನಲ್ಲಿರುವ ಲ್ಯಾಪ್‌ಟಾಪಿನಿಂದ ಮನೆಯ ರೂಟರ್‌ಗೇ ಪಿಂಗ್ ಕಳಿಸಿ ನೋಡಬೇಕು. ರೂಟರ್ ವಿಳಾಸ ಹೆಚ್ಚಾಗಿ ಹೀಗಿರುತ್ತದೆ:

```
ping 192.168.1.1
```

ಉತ್ತರ ಕೆಲವೇ ಮಿಲಿಸೆಕೆಂಡುಗಳಲ್ಲಿ ಬರುತ್ತಿದ್ದರೆ ವೈಫೈ ಸರಿಯಿದೆ, ತೊಂದರೆ ಹೊರಗಿನ ಲೈನಿನಲ್ಲಿದೆ. ರೂಟರ್ ಹತ್ತಿರವೇ ಕೂತಿದ್ದರೂ ಆಗಾಗ ನೂರು, ಇನ್ನೂರಕ್ಕೆ ಜಿಗಿದರೆ ಗಾಳಿಯಲ್ಲೇ ನೂಕುನುಗ್ಗಲು.

ಆಂಡ್ರಾಯ್ಡ್ ಫೋನಿನ ವೈಫೈ ಅನಲೈಜರ್ ಆ್ಯಪ್‌ನಲ್ಲಿ 2.4 ಗಿಗಾಹರ್ಟ್ಸ್ ಚಿತ್ರ ಹೀಗಿದೆ ಎಂದುಕೊಳ್ಳೋಣ: ಚಾನೆಲ್ 1ರಲ್ಲಿ ಒಂಬತ್ತು ನೆಟ್‌ವರ್ಕ್, 6ರಲ್ಲಿ ಹದಿನಾಲ್ಕು, 11ರಲ್ಲಿ ಏಳು, 3ರಲ್ಲಿ ಒಂದೂ ಇಲ್ಲ. ಕೈ ಸಹಜವಾಗಿ 3ರ ಕಡೆ ಹೋಗುತ್ತದೆ. ಅಲ್ಲೇ ಎಡವಟ್ಟು. ಅಕ್ಕಪಕ್ಕದ ಚಾನೆಲ್‌ಗಳ ನಡುವೆ ಇರುವುದು 5 ಮೆಗಾಹರ್ಟ್ಸ್ ಅಂತರ. ಒಂದು ನೆಟ್‌ವರ್ಕ್‌ಗೆ ಬೇಕಾಗುವ ಜಾಗ 20. ಹಾಗಾಗಿ 3ರಲ್ಲಿ ಕೂತ ರೂಟರ್ 1ರವರಿಗೂ 6ರವರಿಗೂ ಡಿಕ್ಕಿ ಹೊಡೆಯುತ್ತದೆ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಪರಸ್ಪರರ ಮಾತು ಕೇಳಿಸಿಕೊಂಡು ಸರದಿ ಕಾಯುತ್ತವೆ. ಅರೆಬರೆ ಮೇಲೆಬಿದ್ದವುಗಳಿಗೆ ಇನ್ನೊಂದರ ಮಾತು ಬರೀ ಗದ್ದಲ. ಡೇಟಾ ಕೆಡುತ್ತದೆ, ಮತ್ತೆ ಕಳಿಸಬೇಕಾಗುತ್ತದೆ. ಒಂದಕ್ಕೊಂದು ತಾಗದ 1, 6, 11ರಲ್ಲೇ ಆಯ್ಕೆ ಮಾಡಬೇಕು.

ಹಾಗಾದರೆ ಏಳೇ ಇರುವ 11 ಒಳ್ಳೆಯದೇ? ತಲೆ ಎಣಿಸಿದರೆ ಸಾಲದು, ಸಿಗ್ನಲ್‌ನ ಬಲವನ್ನೂ ನೋಡಬೇಕು. ಆ್ಯಪ್‌ನಲ್ಲಿ ಅದು ಮೈನಸ್ ಅಂಕಿಯಲ್ಲಿರುತ್ತದೆ: ಗೋಡೆಯಾಚೆಯ ರೂಟರ್ ಮೈನಸ್ 50ರ ಆಸುಪಾಸು, ಎಲ್ಲೋ ದೂರದ್ದು ಮೈನಸ್ 85. 11ರಲ್ಲಿರುವ ಏಳರಲ್ಲಿ ಮೂರು ಪಕ್ಕದ ಮನೆಯವು, 1ರ ಒಂಬತ್ತೂ ದೂರದವು ಎಂದಾದರೆ 1ನ್ನೇ ಹಿಡಿಯುವುದು ಜಾಣತನ. ಆ ನೆರೆಮನೆಗಳಲ್ಲಿ ಎಷ್ಟು ಡೇಟಾ ಓಡುತ್ತಿದೆ ಎಂಬುದು ಮಾತ್ರ ಇಂಥ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೇ ಚಾನೆಲ್ ಬದಲಿಸಿದ ಮೇಲೆ ರಾತ್ರಿಯ ಅದೇ ಹೊತ್ತಿನಲ್ಲಿ ಮತ್ತೊಮ್ಮೆ ಪಿಂಗ್ ಮಾಡಬೇಕು. ಚಾನೆಲ್ ಅಗಲ 40 ಎಂದಿದ್ದರೆ 20ಕ್ಕೆ ಇಳಿಸುವುದನ್ನೂ ಮರೆಯಬಾರದು.

ಲ್ಯಾಪ್‌ಟಾಪ್, ಟಿವಿಗಳನ್ನು 5 ಗಿಗಾಹರ್ಟ್ಸ್‌ಗೆ ಸಾಗಹಾಕಿದರೆ ಇನ್ನೂ ನೆಮ್ಮದಿ. ಅಲ್ಲಿ ಚಾನೆಲ್‌ಗಳು ಹೆಚ್ಚು, ನೆರೆಮನೆಯ ಸಿಗ್ನಲ್‌ನ ಬಹುಪಾಲನ್ನು ಗೋಡೆಗಳೇ ತಡೆಯುತ್ತವೆ. ಆದರೆ ಅನೇಕ ರೂಟರ್‌ಗಳು ಅಲ್ಲಿ 80 ಮೆಗಾಹರ್ಟ್ಸ್ ಅಗಲ ಹಿಡಿದು ನಾಲ್ಕು ಚಾನೆಲ್‌ಗಳ ಜಾಗ ನುಂಗುತ್ತವೆ. ಕಿಕ್ಕಿರಿದ ಕಟ್ಟಡದಲ್ಲಿ 40 ಸಾಕು. 36 ಮತ್ತು 149ರ ಸುತ್ತ ಜನ ತುಂಬಿದ್ದರೆ 52ರಿಂದ 64ರವರೆಗಿನ ಜಾಗ ಎಷ್ಟೋ ಸಲ ಖಾಲಿ ಸಿಗುತ್ತದೆ. ಅದು ರಾಡಾರ್‌ಗಳೂ ಬಳಸುವ ಜಾಗವಾದ್ದರಿಂದ ರೂಟರ್ ಮೊದಲು ಒಂದು ನಿಮಿಷ ಸುಮ್ಮನೆ ಆಲಿಸುತ್ತದೆ, ರಾಡಾರ್ ಸದ್ದು ಕೇಳಿದರೆ ಜಾಗ ಬಿಟ್ಟುಕೊಡುತ್ತದೆ. ಆಗ ವೈಫೈ ಇದ್ದಕ್ಕಿದ್ದಂತೆ ಕಡಿದುಹೋಗಬಹುದು. ಅದು ಪದೇ ಪದೇ ಆಗುತ್ತಿದ್ದರೆ 36ಕ್ಕೋ 149ಕ್ಕೋ ಮರಳುವುದೇ ಸರಿ.