'ಟು' ಇದ್ದರೂ 'ಇಂಗ್' ಏಕೆ?

ಇಂಗ್ಲಿಷ್‌ನಲ್ಲಿ 'ವಾಂಟ್', 'ಡಿಸೈಡ್' ಕ್ರಿಯಾಪದಗಳ ನಂತರ 'ಟು' ಸೇರಿದ ಮೂಲರೂಪ ಬರುತ್ತದೆ. 'ಎಂಜಾಯ್', 'ಅವಾಯ್ಡ್' ನಂತರ 'ಇಂಗ್' ರೂಪ. ಇದನ್ನು ಬಾಯಿಪಾಠ ಮಾಡಿದವರೂ ಪರೀಕ್ಷೆಯಲ್ಲಿ ಎಡವುವುದು 'ಲುಕ್ ಫಾರ್ವರ್ಡ್ ಟು' ಬಂದಾಗ. 'ಐ ಲುಕ್ ಫಾರ್ವರ್ಡ್ ಟು ಮೀಟ್ ಯು' ಕಿವಿಗೆ ಸರಿಯೆನಿಸಿದರೂ ತಪ್ಪು. 'ಮೀಟಿಂಗ್ ಯು' ಎಂದಿರಬೇಕು. ಇಲ್ಲಿನ 'ಟು' ಪ್ರಿಪೊಸಿಷನ್. ಅದರ ಮುಂದೆ ನಾಮಪದವೋ, ನಾಮಪದದಂತೆ ನಿಲ್ಲುವ 'ಇಂಗ್' ರೂಪವೋ ಬರಬೇಕು.

ಗುರುತಿಸುವ ದಾರಿ ಸುಲಭ: 'ಟು' ನಂತರ 'ಇಟ್' ಇಟ್ಟು ನೋಡಬೇಕು. 'ಲುಕ್ ಫಾರ್ವರ್ಡ್ ಟು ಇಟ್' ಹೊಂದುತ್ತದೆ, 'ವಾಂಟ್ ಟು ಇಟ್' ಹೊಂದುವುದಿಲ್ಲ. 'ಯೂಸ್ಡ್ ಟು' ಮಾತ್ರ ಇನ್ನಷ್ಟು ಎಚ್ಚರ ಬೇಡುತ್ತದೆ. 'ಐ ಯೂಸ್ಡ್ ಟು ವಾಕ್' ಎಂದರೆ ಹಿಂದೆ ನಡೆಯುತ್ತಿದ್ದೆ. 'ಐ ಆ್ಯಮ್ ಯೂಸ್ಡ್ ಟು ವಾಕಿಂಗ್' ಎಂದರೆ ನಡೆದು ರೂಢಿಯಾಗಿದೆ. ಉತ್ತರ ಗುರುತಿಸುವ ಮೊದಲು 'ಯೂಸ್ಡ್' ಹಿಂದೆ 'ಆ್ಯಮ್', 'ಈಸ್', 'ಆರ್' ಇದೆಯೇ ನೋಡಿ.