ನ್ಯಾಯಾಧೀಶರಿಗೆ ಮೇಷ್ಟರ ಪತ್ರ

1959ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಕೊಲಂಬಿಯಾದ ಕಾನೂನು ಪದವಿಯಲ್ಲಿ ಜಂಟಿಯಾಗಿ ಮೊದಲ ಸ್ಥಾನ ಪಡೆದಿದ್ದರು. ಆದರೂ ಎಳೆಮಗುವಿನ ತಾಯಿಯೆಂದು ನ್ಯಾಯಾಧೀಶರು ಅವರನ್ನು ಕ್ಲರ್ಕ್ ಆಗಿ ತೆಗೆದುಕೊಳ್ಳಲು ಹಿಂಜರಿದರು. ಪ್ರಾಧ್ಯಾಪಕ ಜೆರಾಲ್ಡ್ ಗುಂಥರ್, ನ್ಯಾಯಾಧೀಶ ಪಾಲ್ಮಿಯೇರಿ ಅವರಲ್ಲಿ ಪಟ್ಟು ಹಿಡಿದರು: ಆಕೆ ಕೈಕೊಟ್ಟರೆ ಬದಲಿ ಹುಡುಗನನ್ನು ಕೊಡುತ್ತೇನೆ, ಅವಕಾಶವನ್ನೇ ಕೊಡದಿದ್ದರೆ ಮುಂದೆ ಯಾರನ್ನೂ ಕಳಿಸೆ. ಕೆಲಸ ಸಿಕ್ಕಿತು.

ಇಂಥ ಬೆದರಿಕೆ ಎಲ್ಲ ಮೇಷ್ಟರಿಗೂ ಒಗ್ಗುವುದಿಲ್ಲ.

ಪತ್ರದಲ್ಲಿ ‘ಚುರುಕು, ಶ್ರಮಜೀವಿ’ ಎಂದಷ್ಟೇ ಬರೆದರೆ ನ್ಯಾಯಾಧೀಶರಿಗೆ ಏನೂ ತಿಳಿಯದು. ಕ್ಲರ್ಕ್ ಮಾಡುವುದು ಕಡತ ಓದಿ, ಹಳೆಯ ತೀರ್ಪು ಹುಡುಕಿ, ಟಿಪ್ಪಣಿ ಬರೆಯುವ ಕೆಲಸ. ಹಾಗಾಗಿ ಪುರಾವೆಯೂ ಅಲ್ಲಿಂದಲೇ ಬರಬೇಕು. ಉದಾಹರಣೆಗೆ: ‘ಜಾಮೀನಿನ ಕುರಿತ ಪ್ರಬಂಧದಲ್ಲಿ ತನ್ನ ವಾದವನ್ನೇ ಮುರಿಯುವ ತೀರ್ಪನ್ನು ಈಕೆ ತಾನೇ ಹುಡುಕಿ ತಂದಳು. ಅದನ್ನು ಮುಚ್ಚಿಡದೆ, ಸಂಗತಿಗಳು ಎಲ್ಲಿ ಬೇರೆಯೆಂದು 2 ಪುಟದಲ್ಲಿ ತೋರಿಸಿದಳು.’ ಜೊತೆಗೆ ಆಕೆಯ ಬರವಣಿಗೆ ಉದ್ದವಾಗುತ್ತದೆಂದೂ ಮೇಷ್ಟರು ಒಂದು ಸಾಲು ಸೇರಿಸಿದರೆ, ಉಳಿದ ಹೊಗಳಿಕೆಯನ್ನು ನ್ಯಾಯಾಧೀಶರು ಹೆಚ್ಚು ನಂಬುತ್ತಾರೆ.